ಲಾಕರ್‌ನಲ್ಲಿಟ್ಟ ಒಡವೆ ಹೋದರೆ ಬ್ಯಾಂಕ್ ಎಷ್ಟು ಕೊಡುತ್ತದೆ? ಕೀಲಿ ತೆಗೆದುಕೊಳ್ಳುವ ಮೊದಲೇ ಹಾಕಬೇಕಾದ ಲೆಕ್ಕ

ತೀರ್ಥಹಳ್ಳಿ ಕಡೆಯ ನಮ್ಮ ಅತ್ತಿಗೆಗೆ ಒಡವೆಯ ಚಿಂತೆ ಶುರುವಾಗಿದ್ದು ಮಗ ಬೆಂಗಳೂರು ಸೇರಿದ ಮೇಲೆ. ತೋಟದ ನಡುವೆ ಒಂಟಿ ಮನೆ. ಕೂಗಿದರೆ ಕೇಳುವಷ್ಟು ಹತ್ತಿರ ಇನ್ನೊಂದು ಮನೆಯಿಲ್ಲ. ಅವರ ಅತ್ತೆಯಿಂದ ಬಂದ ಅವಲಕ್ಕಿ ಸರ, ಮಗಳಿಗೆಂದು ಮಾಡಿಸಿದ ಬಳೆ, ಎಲ್ಲ ಸೇರಿ ಸುಮಾರು 150 ಗ್ರಾಂ ಚಿನ್ನ ಹಳೆಯ ಮರದ ಪೆಟ್ಟಿಗೆಯಲ್ಲಿತ್ತು. ಕೊನೆ ಕೊಯ್ಲು ಮುಗಿದ ಮೇಲೆ ಒಂದು ದಿನ ಶಿವಮೊಗ್ಗಕ್ಕೆ ಬಂದು, "ಒಂದು ಲಾಕರ್ ಮಾಡಿಸಿಕೊಡು ಮಾರಾಯ, ಅಲ್ಲಿಟ್ಟರೆ ಹೋದರೂ ಬ್ಯಾಂಕಿನವರು ಕಟ್ಟಿಕೊಡ್ತಾರಲ್ಲ" ಅಂದರು.

ನಾನು ಬ್ಯಾಂಕಿನಲ್ಲಿದ್ದವನು. ಕೆಲವು ವರ್ಷ ಸ್ಟ್ರಾಂಗ್ ರೂಮಿನ ಮಾಸ್ಟರ್ ಕೀ ನನ್ನ ಬಳಿಯೇ ಇತ್ತು. "ಹೋದರೆ ಬ್ಯಾಂಕಿನವರು ಕಟ್ಟಿಕೊಡ್ತಾರೆ" ಎಂಬ ಮಾತನ್ನು ಕೌಂಟರಿನ ಆಚೆಯಿಂದ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಅದು ಅರ್ಧ ಮಾತ್ರ ನಿಜ. ಅತ್ತಿಗೆಗೆ ಲಾಕರ್ ಸಿಕ್ಕಿತು. ಆದರೆ ಅದಕ್ಕೂ ಮೊದಲು ಇಬ್ಬರೂ ಕೂತು ಒಂದು ಲೆಕ್ಕ ಹಾಕಿದೆವು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಅರ್ಜಿ, ಆಮೇಲೆ ನಂಬರು

ಅತ್ತಿಗೆ ತಮ್ಮ ಉಳಿತಾಯ ಖಾತೆ ಇರುವ ಶಾಖೆಗೇ ಮೊದಲು ಹೋಗಿದ್ದರು. ಅಲ್ಲಿ ಬಾಯಿಮಾತಿನಲ್ಲಿ ಎರಡು ಸಂಗತಿ ಹೇಳಿ ಕಳಿಸಿದರು. ಲಾಕರ್ ಯಾವುದೂ ಖಾಲಿ ಇಲ್ಲ. ಎರಡು ಲಕ್ಷದ ಎಫ್‌ಡಿ ಇಟ್ಟರೆ ನೋಡೋಣ.

ಎರಡಕ್ಕೂ ಉತ್ತರ ರಿಸರ್ವ್ ಬ್ಯಾಂಕಿನ ನಿಯಮದಲ್ಲಿದೆ. 2021ರ ಆಗಸ್ಟ್ 18ರಂದು ಹೊರಬಂದು, 2022ರ ಜನವರಿ 1ರಿಂದ ಜಾರಿಗೆ ಬಂದ ನಿಯಮ ಇದು. ಪ್ರತಿ ಶಾಖೆಯೂ ತನ್ನಲ್ಲಿ ಖಾಲಿ ಇರುವ ಲಾಕರ್‌ಗಳ ಪಟ್ಟಿಯನ್ನೂ, ಕಾಯುತ್ತಿರುವವರ ಪಟ್ಟಿಯನ್ನೂ ಕಂಪ್ಯೂಟರಿನಲ್ಲಿ ಇಡಬೇಕು. ಅರ್ಜಿ ಕೊಟ್ಟವರಿಗೆ ಸ್ವೀಕೃತಿ ಕೊಡಬೇಕು. ಲಾಕರ್ ಇಲ್ಲದಿದ್ದರೆ ವೇಟಿಂಗ್ ಲಿಸ್ಟಿನಲ್ಲಿ ನಿಮ್ಮ ನಂಬರು ಎಷ್ಟು ಎಂದು ತಿಳಿಸಬೇಕು. ಹಾಗಾಗಿ ಲಾಕರ್ ಕೇಳಲು ಹೋಗುವಾಗ ಬರೀ ಕೈಯಲ್ಲಿ ಹೋಗಬೇಡಿ. ಒಂದು ಪುಟದ ಅರ್ಜಿ ಬರೆದು, ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು ಹಾಕಿಸಿಕೊಳ್ಳಿ. ಬಾಯಿಮಾತಿನ "ಇಲ್ಲ"ಗೆ ಸರದಿ ಅಂತ ಇರುವುದಿಲ್ಲ, ಕಾಗದಕ್ಕೆ ಇರುತ್ತದೆ.

ಎಫ್‌ಡಿ ವಿಷಯ ಇನ್ನೂ ಸ್ಪಷ್ಟ. ಬಾಡಿಗೆ ಕಟ್ಟದೆ ಹೋದರೆ ಬ್ಯಾಂಕಿಗೆ ನಷ್ಟವಾಗಬಾರದು ಅಂತ, ಹೊಸದಾಗಿ ಲಾಕರ್ ಕೊಡುವಾಗ ಒಂದು ಠೇವಣಿ ಕೇಳಲು ಅವಕಾಶವಿದೆ. ಆದರೆ ಅದಕ್ಕೆ ಮಿತಿ ಇದೆ. ಮೂರು ವರ್ಷದ ಬಾಡಿಗೆ ಮತ್ತು ಲಾಕರ್ ಒಡೆದು ತೆರೆಯುವ ಖರ್ಚು, ಇವೆರಡು ಸೇರಿ ಎಷ್ಟಾಗುತ್ತದೋ ಅಷ್ಟೇ. ವರ್ಷದ ಬಾಡಿಗೆ 2,000 ರೂಪಾಯಿ, ಒಡೆಯುವ ಖರ್ಚು 3,000 ಎಂದಿಟ್ಟುಕೊಳ್ಳಿ. ಆರು ಸಾವಿರಕ್ಕೆ ಮೂರು ಸಾವಿರ ಕೂಡಿದರೆ ಒಂಬತ್ತು ಸಾವಿರ. ಜಿಎಸ್‌ಟಿ ಹಿಡಿದರೂ ಹತ್ತು, ಹನ್ನೊಂದು ಸಾವಿರ ದಾಟುವುದಿಲ್ಲ. ಎರಡು ಲಕ್ಷ ಎಲ್ಲಿಂದ ಬಂತು? ಮಿತಿ ಮೀರಿದ ಎಫ್‌ಡಿಯನ್ನು ಲಾಕರ್‌ಗೆ ಗಂಟು ಹಾಕುವುದು ತಪ್ಪು ಎಂದು ನಿಯಮವೇ ಹೇಳುತ್ತದೆ. ಈಗಾಗಲೇ ಲಾಕರ್ ಇರುವವರಿಂದ, ಖಾತೆಯನ್ನು ಸರಿಯಾಗಿ ನಡೆಸಿಕೊಂಡು ಬಂದವರಿಂದ ಈ ಸಣ್ಣ ಠೇವಣಿಗೂ ಒತ್ತಾಯಿಸುವಂತಿಲ್ಲ.

ಇದನ್ನೆಲ್ಲ ಜಗಳವಾಡಿ ಹೇಳಬೇಕಾಗಿಲ್ಲ. ಅತ್ತಿಗೆಯ ಅರ್ಜಿಯ ಕೊನೆಗೆ ಒಂದೇ ಸಾಲು ಸೇರಿಸಿದೆ: "ಎರಡು ಲಕ್ಷ ರೂಪಾಯಿ ಠೇವಣಿ ಬೇಕೆಂಬುದನ್ನು ದಯವಿಟ್ಟು ಬರಹದಲ್ಲಿ ತಿಳಿಸಿ." ಬರಹದಲ್ಲಿ ಯಾರೂ ತಿಳಿಸಲಿಲ್ಲ. ವೇಟಿಂಗ್ ಲಿಸ್ಟಿನ ನಂಬರು ಮಾತ್ರ ಬಂತು. ಕೆಲವು ತಿಂಗಳ ಮೇಲೆ ಲಾಕರೂ ಬಂತು.

ಇನ್ನೊಂದು ಮಾತು. ಖಾತೆಯೇ ಇಲ್ಲದ ಬ್ಯಾಂಕಿನಲ್ಲೂ ಗುರುತಿನ ದಾಖಲೆ ಕೊಟ್ಟು ಲಾಕರ್ ಕೇಳಬಹುದು. ಆದರೆ ಮಲೆನಾಡಿನಲ್ಲಿ ಊರೂರಿಗೂ ಇರುವ ಪತ್ತಿನ ಸಹಕಾರ ಸಂಘಗಳ ವಿಷಯ ಬೇರೆ. ಸಹಕಾರಿ ಬ್ಯಾಂಕ್ ಎಂದರೆ ಬ್ಯಾಂಕೇ. ಪತ್ತಿನ ಸಂಘ ಬ್ಯಾಂಕ್ ಅಲ್ಲ, ಅದಕ್ಕೆ ರಿಸರ್ವ್ ಬ್ಯಾಂಕಿನ ಈ ಲಾಕರ್ ನಿಯಮ ತಾಗುವುದಿಲ್ಲ. ಅಲ್ಲಿ ಕಳೆದುಹೋದರೆ ಏನು ಕೊಡುತ್ತಾರೆ ಎನ್ನುವುದು ನೀವು ಸಹಿ ಹಾಕುವ ಕಾಗದದಲ್ಲಿ ಬರೆದಷ್ಟೇ.

ಸಹಿ ಹಾಕುವ ದಿನ

ಲಾಕರ್ ಸಿಕ್ಕ ದಿನ ಛಾಪಾ ಕಾಗದದ ಮೇಲೆ ಕರಾರು ಆಗುತ್ತದೆ. ಮೂಲ ಪ್ರತಿ ಶಾಖೆಯಲ್ಲಿ ಉಳಿಯುತ್ತದೆ. ಎರಡೂ ಕಡೆಯವರು ಸಹಿ ಹಾಕಿದ ಒಂದು ಪ್ರತಿ ನಿಮಗೆ ಬರಬೇಕು. ನಾಳೆ ಕೊಡುತ್ತೇವೆ ಎಂದರೆ ನಾಳೆ ಮತ್ತೆ ಹೋಗಿ ತನ್ನಿ. ಹಳೆಯ ಲಾಕರ್ ಇರುವವರೂ 2023ರ ಡಿಸೆಂಬರ್ 31ರೊಳಗೆ ಹೊಸ ಕರಾರಿಗೆ ಸಹಿ ಹಾಕಬೇಕಿತ್ತು. ಅಪ್ಪನ ಕಾಲದ ಲಾಕರ್ ಹಾಗೇ ಬಿಟ್ಟಿದ್ದರೆ ಮೊದಲು ಇದನ್ನು ವಿಚಾರಿಸಿ.

ಅದೇ ದಿನ ನಾಮಿನಿ ಫಾರಂ ತುಂಬಿಸಿ. 2025ರ ನವೆಂಬರ್ 1ರಿಂದ ನಾಲ್ಕು ಜನರವರೆಗೂ ಹೆಸರು ಕೊಡಬಹುದು. ಆದರೆ ಲಾಕರ್ ವಿಷಯದಲ್ಲಿ ಅದು ಒಬ್ಬರಾದ ಮೇಲೆ ಒಬ್ಬರು ಎಂಬ ಸರದಿ, ಒಟ್ಟಿಗೆ ಪಾಲು ಹಂಚುವುದಲ್ಲ. ಮೊದಲ ನಾಮಿನಿ ಇಲ್ಲದಿದ್ದರೆ ಮಾತ್ರ ಎರಡನೆಯವರು. ನಾಮಿನಿ ಎಂದರೆ ವಸ್ತುವನ್ನು ಬ್ಯಾಂಕಿನಿಂದ ಪಡೆಯುವವರು. ಅದು ಯಾರ ಪಾಲು ಎಂಬುದು ವಾರಸುದಾರರ ನಡುವಿನ ಮಾತು. ಇದೇ ಕಾರಣಕ್ಕೆ ಮೂಲ ವಿಲ್ ಪತ್ರವನ್ನು ಲಾಕರ್‌ನೊಳಗೇ ಇಟ್ಟು ಕೂರಬೇಡಿ. ಅದು ಬೇಕಾಗುವ ಹೊತ್ತಿಗೆ ಲಾಕರ್ ತೆರೆಯಬೇಕಾದವರೇ ಇರುವುದಿಲ್ಲ.

ಒಳಗೆ ಏನಿಡಬಹುದು

ಬ್ಯಾಂಕುಗಳು ಬಳಸುವ ಮಾದರಿ ಕರಾರಿನಲ್ಲಿ ಹೇಳಿರುವುದು ಒಡವೆ, ದಾಖಲೆಪತ್ರದಂಥ ಬೆಲೆಬಾಳುವ ವಸ್ತು. ಬೇಡ ಎನ್ನುವ ಪಟ್ಟಿಯಲ್ಲಿ ಆಯುಧ, ಸಿಡಿಮದ್ದು, ಮಾದಕ ವಸ್ತು, ಕೆಡುವ ಪದಾರ್ಥ ಇವೆ. ಜೊತೆಗೆ ನಗದು ಹಣವೂ ಇದೆ.

ಆಯುಧದ ಮಾತು ನಮ್ಮ ಕಡೆ ತಮಾಷೆಯಲ್ಲ. ತೋಟ ಕಾಯಲು ಲೈಸೆನ್ಸ್ ಕೋವಿ ಇಟ್ಟುಕೊಂಡವರು ಮಲೆನಾಡಿನಲ್ಲಿ ಎಷ್ಟೋ ಜನ. "ಕೋವಿ ಮನೇಲೇ ಇರ್ಲಿ, ತೋಟಾ ಮಾತ್ರ ಇಡಬಹುದಲ್ವಾ?" ಎಂದು ಒಬ್ಬರು ನನ್ನನ್ನೇ ಕೇಳಿದ್ದುಂಟು. ಇಡುವಂತಿಲ್ಲ. ಲೈಸೆನ್ಸ್ ಇದ್ದರೂ ಇಡುವಂತಿಲ್ಲ.

ಆದರೆ ನಿಜವಾಗಿ ತೊಂದರೆ ಕೊಡುವುದು ನಗದು. ಮಂಡಿಯಿಂದ ಬಂದ ಅಡಿಕೆ ದುಡ್ಡನ್ನು ಒಡವೆಯ ಪಕ್ಕ ಇಟ್ಟುಬಿಡುವ ಅಭ್ಯಾಸ ಇದೆ. ಕರಾರಿಗೆ ವಿರುದ್ಧವಾಗಿ ಇಟ್ಟದ್ದನ್ನು ಆಮೇಲೆ ಕೇಳಲು ಬಾಯಿ ಬರುವುದಿಲ್ಲ. 2023ರಲ್ಲಿ ಉತ್ತರ ಪ್ರದೇಶದ ಮೊರಾದಾಬಾದ್‌ನಲ್ಲಿ ಮಹಿಳೆಯೊಬ್ಬರು ಮಗಳ ಮದುವೆಗೆಂದು ಲಾಕರ್‌ನಲ್ಲಿಟ್ಟಿದ್ದ 18 ಲಕ್ಷ ರೂಪಾಯಿಯನ್ನು ಗೆದ್ದಲು ತಿಂದು ಪುಡಿ ಮಾಡಿತ್ತು. ಅಲ್ಲಿಯೇ ಹಾಗಾದರೆ ಆಗುಂಬೆ ಪಕ್ಕದ ನಮ್ಮ ಮಳೆಗಾಲದಲ್ಲಿ ಹೇಗೆ? ಜಮೀನಿನ ಪತ್ರ ಇಡುವುದಾದರೆ ಗಟ್ಟಿ ಪ್ಲಾಸ್ಟಿಕ್ ಕವರಿನಲ್ಲಿ, ತೇವ ಹೀರುವ ಸಿಲಿಕಾ ಪೊಟ್ಟಣದ ಜೊತೆ ಇಡಿ. ಮಳೆಗಾಲ ಕಳೆದ ಮೇಲೆ ಒಮ್ಮೆ ಹೋಗಿ ಪೊಟ್ಟಣ ಬದಲಿಸಿ.

ಈಗ ಮುಖ್ಯ ಲೆಕ್ಕ

ಬೆಂಕಿ, ಕಳ್ಳತನ, ದರೋಡೆ, ಕಟ್ಟಡ ಕುಸಿತ, ಬ್ಯಾಂಕ್ ನೌಕರರ ಮೋಸ: ಇವುಗಳಿಂದ ಲಾಕರ್‌ನಲ್ಲಿದ್ದದ್ದು ಹೋದರೆ ಬ್ಯಾಂಕ್ ಹೊಣೆ. ಆ ಹೊಣೆ ಎಷ್ಟು? ಆಗ ಜಾರಿಯಲ್ಲಿರುವ ಒಂದು ವರ್ಷದ ಬಾಡಿಗೆಯ ನೂರು ಪಟ್ಟು.

ಅತ್ತಿಗೆಯ ಲಾಕರ್ ಬಾಡಿಗೆ ವರ್ಷಕ್ಕೆ 2,000. ಮೇಲೆ ಜಿಎಸ್‌ಟಿ ಶೇಕಡಾ 18 ಸೇರಿ ಅವರು ಕಟ್ಟುವುದು 2,360. ನೂರು ಪಟ್ಟಿಗೆ ಹಿಡಿಯುವುದು ಬಾಡಿಗೆಯನ್ನು, ತೆರಿಗೆಯನ್ನಲ್ಲ. ಅಂದರೆ ಎರಡು ಲಕ್ಷ ರೂಪಾಯಿ. ಲೆಕ್ಕ ಸುಲಭವಾಗಲಿ ಅಂತ ಚಿನ್ನವನ್ನು ಗ್ರಾಂಗೆ 10,000 ಎಂದು ಹಿಡಿಯೋಣ. 150 ಗ್ರಾಂಗೆ ಹದಿನೈದು ಲಕ್ಷವಾಯಿತು. ಬ್ಯಾಂಕಿನಿಂದ ಎರಡು ಲಕ್ಷ ಬಂದರೆ ಹದಿಮೂರು ಲಕ್ಷ ಹೋದ ಹಾಗೇ. ಇನ್ನೊಂದು ರೀತಿ ನೋಡಿದರೆ, ಆ ಲಾಕರ್‌ನಲ್ಲಿ ಬ್ಯಾಂಕ್ ಹೊಣೆ ಹೊತ್ತಿರುವುದು 20 ಗ್ರಾಂಗೆ. ಚಿನ್ನದ ದರ ಏರಿದಷ್ಟೂ ಆ 20 ಗ್ರಾಂ ಇನ್ನೂ ಇಳಿಯುತ್ತದೆ.

ಅತ್ತಿಗೆ ಸುಮ್ಮನೆ ನನ್ನ ಮುಖ ನೋಡಿದರು. "ಎಂಥ ಲೆಕ್ಕ ಮಾರಾಯ ಇದು? ಅಡವಿಟ್ಟ ಬಂಗಾರಕ್ಕೆ ಪೂರ್ತಿ ಕೊಡಬೇಕಂತಲ್ಲ?"

ಒಳ್ಳೆಯ ಪ್ರಶ್ನೆ. 2024ರ ಅಕ್ಟೋಬರ್‌ನಲ್ಲಿ ನಮ್ಮ ಪಕ್ಕದ ನ್ಯಾಮತಿಯ ಬ್ಯಾಂಕ್ ಶಾಖೆಯೊಂದಕ್ಕೆ ನುಗ್ಗಿದ ಕಳ್ಳರು 17 ಕಿಲೋಗೂ ಹೆಚ್ಚು ಚಿನ್ನ ಹೊತ್ತೊಯ್ದಿದ್ದರು. ಮರು ವರ್ಷ ಪೊಲೀಸರು ಅದರ ಬಹುಪಾಲನ್ನು ತಮಿಳುನಾಡಿನ ಬಾವಿಯೊಂದರಿಂದ ತೆಗೆದರು. ಅದು ಜನ ಸಾಲಕ್ಕೆ ಅಡವಿಟ್ಟ ಚಿನ್ನ. ಅಡವು ಇಡುವಾಗ ಬ್ಯಾಂಕು ತೂಕ ಮಾಡುತ್ತದೆ, ಶುದ್ಧತೆ ನೋಡುತ್ತದೆ, ಚೀಟಿ ಬರೆದು ತನ್ನ ವಶಕ್ಕೆ ತೆಗೆದುಕೊಳ್ಳುತ್ತದೆ. ಹಾಗಾಗಿ ಕಳೆದುಹೋದರೆ ಚೀಟಿಯಲ್ಲಿರುವ ಚಿನ್ನಕ್ಕೆ ಉತ್ತರ ಹೇಳಬೇಕು. ಲಾಕರ್ ಹಾಗಲ್ಲ. ಬ್ಯಾಂಕಿನವರು ತಮ್ಮ ಕೀಲಿ ತಿರುಗಿಸಿ ಹೊರಗೆ ಹೋಗಬೇಕು. ನೀವು ನಿಮ್ಮ ಕೀಲಿ ಹಾಕಿ ತೆರೆಯುವಾಗ ಅವರು ಅಲ್ಲಿ ನಿಲ್ಲುವಂತಿಲ್ಲ. ಒಳಗಿರುವುದು ಬಂಗಾರವೋ ಹಳೆಯ ಕಾಗದವೋ ಅವರಿಗೆ ಗೊತ್ತಿಲ್ಲ. ಒಂದೇ ಸ್ಟ್ರಾಂಗ್ ರೂಮಿನಲ್ಲಿ, ಎರಡು ಅಡಿ ಅಂತರದಲ್ಲಿ, ಎರಡು ಬೇರೆ ಲೆಕ್ಕ ನಡೆಯುತ್ತಿರುತ್ತದೆ.

ನೂರು ಪಟ್ಟು ಎಂಬುದು ಕಡಿಮೆ ಅನ್ನಿಸಬಹುದು. ಅದಕ್ಕೂ ಹಿಂದೆ ಬ್ಯಾಂಕುಗಳು "ನಮಗೆ ಸಂಬಂಧವೇ ಇಲ್ಲ" ಎನ್ನುತ್ತಿದ್ದವು ಎಂಬುದನ್ನು ನೆನಪಿಟ್ಟುಕೊಳ್ಳಿ. ಅದನ್ನು ತಪ್ಪಿಸಿದ್ದು ಕೋಲ್ಕತ್ತದ ಒಂದು ಪ್ರಕರಣ. ಬಾಡಿಗೆ ಕಟ್ಟಿದ್ದರೂ, ಕಟ್ಟಿಲ್ಲವೆಂದು 1994ರಲ್ಲಿ ಬ್ಯಾಂಕು ಲಾಕರ್ ಒಡೆದಿತ್ತು. ಏಳು ಒಡವೆ ಇತ್ತು, ಬಂದದ್ದು ಎರಡು ಎಂಬುದು ಗ್ರಾಹಕರ ದೂರು. 2021ರ ಫೆಬ್ರವರಿ 19ರಂದು ಸುಪ್ರೀಂ ಕೋರ್ಟ್ ಐದು ಲಕ್ಷ ಪರಿಹಾರ, ಒಂದು ಲಕ್ಷ ಕೋರ್ಟ್ ಖರ್ಚು ಕೊಡಿಸಿತು. ಆರು ತಿಂಗಳಲ್ಲಿ ಲಾಕರ್ ನಿಯಮ ಮಾಡಿ ಎಂದು ರಿಸರ್ವ್ ಬ್ಯಾಂಕಿಗೂ ಹೇಳಿತು. ಆ ಪೀಠದಲ್ಲಿದ್ದ ನ್ಯಾಯಮೂರ್ತಿ ಮೋಹನ ಶಾಂತನಗೌಡರ್ ನಮ್ಮ ಶಿಕಾರಿಪುರದ ಆಚೆ ಇರುವ ಹಾವೇರಿ ಜಿಲ್ಲೆಯವರು. ಆದರೆ ಒಂದು ಅಂಶ ಗಮನಿಸಿ. ಒಳಗೆ ನಿಜವಾಗಿ ಏನೇನಿತ್ತು ಎಂಬ ಪ್ರಶ್ನೆ ಅಲ್ಲೂ ತೀರ್ಮಾನವಾಗಲಿಲ್ಲ. ಅದನ್ನು ಸಿವಿಲ್ ಕೋರ್ಟಿನಲ್ಲಿ ಸಾಬೀತು ಮಾಡಿ ಎಂದರು.

ಇನ್ನು ಬ್ಯಾಂಕ್ ಕೊಡಬೇಕಿಲ್ಲದ ಸಂದರ್ಭ. ಭೂಕಂಪ, ಪ್ರವಾಹ, ಸಿಡಿಲು, ಬಿರುಗಾಳಿಯಂಥ ಪ್ರಕೃತಿ ವಿಕೋಪದಿಂದ ಆದ ನಷ್ಟ, ಅಥವಾ ಪೂರ್ತಿ ನಿಮ್ಮದೇ ತಪ್ಪಿನಿಂದ ಆದ ನಷ್ಟ. 2019ರ ಆಗಸ್ಟ್‌ನಲ್ಲಿ ತುಂಗೆ ಶಿವಮೊಗ್ಗದ ತಗ್ಗು ಬಡಾವಣೆಗಳಿಗೆ ನುಗ್ಗಿದ್ದನ್ನು ನೋಡಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ವಿಕೋಪದಿಂದ ಕಟ್ಟಡವನ್ನು ಕಾಪಾಡಲು ತಕ್ಕ ಎಚ್ಚರ ವಹಿಸುವುದು ಬ್ಯಾಂಕಿನ ಕರ್ತವ್ಯ ಎಂದು ನಿಯಮದಲ್ಲಿದೆ, ನಿಜ. ಆದರೂ ಶಾಖೆ ಆರಿಸುವಾಗಲೇ ನೋಡಿಕೊಳ್ಳುವುದು ಜಾಣತನ. ಸ್ಟ್ರಾಂಗ್ ರೂಂ ನೆಲಮಾಳಿಗೆಯಲ್ಲಿದೆಯೇ? ಹೊಳೆ, ರಾಜಕಾಲುವೆ ಎಷ್ಟು ದೂರ? ಅತ್ತಿಗೆಗೆ ಎರಡು ಶಾಖೆಯಲ್ಲಿ ಅವಕಾಶವಿತ್ತು. ಹೊಳೆಯಿಂದ ದೂರ ಎತ್ತರದಲ್ಲಿದ್ದದ್ದನ್ನು ಹಿಡಿದೆವು, ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಜಾಸ್ತಿ ನಡೆಯಬೇಕಾದರೂ.

ಉಳಿದ ಹದಿಮೂರು ಲಕ್ಷಕ್ಕೆ ದಾರಿ

"ದೊಡ್ಡ ಲಾಕರ್ ಹಿಡಿದರೆ ನೂರು ಪಟ್ಟೂ ದೊಡ್ಡದಾಗುತ್ತದಲ್ಲ?" ಎಂದರು ಅತ್ತಿಗೆ. ಆಗುತ್ತದೆ. ಬಾಡಿಗೆ 6,000 ಆದರೆ ಹೊಣೆ ಆರು ಲಕ್ಷ. ಆದರೆ ವರ್ಷಕ್ಕೆ 4,000 ಜಾಸ್ತಿ ಕೊಟ್ಟು ಪಡೆದದ್ದು ನಾಲ್ಕು ಲಕ್ಷದ ರಕ್ಷಣೆ, ಅಂದರೆ ನೂರಕ್ಕೆ ಒಂದು ರೂಪಾಯಿ. ಅದರಲ್ಲೂ ನೆರೆ ಬಂದರೆ ಇಲ್ಲ. ಅದರ ಬದಲು ವಿಮೆ ವಿಚಾರಿಸಿ. ಮನೆ ವಿಮೆಯ ಜೊತೆ ಒಡವೆಗೂ ರಕ್ಷಣೆ ಸೇರಿಸುವ ಪಾಲಿಸಿಗಳಿವೆ. ಮೂರು ವಿಷಯ ಕೇಳಿ: ಬ್ಯಾಂಕ್ ಲಾಕರ್‌ನಲ್ಲಿರುವಾಗಲೂ ಅನ್ವಯಿಸುತ್ತದೆಯೇ, ಪ್ರವಾಹ ಸೇರಿದೆಯೇ, ಒಡವೆಯ ಬೆಲೆಪಟ್ಟಿ ಯಾರಿಂದ ಬರಬೇಕು. ಬ್ಯಾಂಕಿನ ಕೌಂಟರಿನಲ್ಲೇ ಯಾರಾದರೂ "ಲಾಕರ್ ವಿಮೆ" ಮಾರಲು ಬಂದರೆ ಬೇಡ ಅನ್ನಿ. ಲಾಕರ್‌ನಲ್ಲಿರುವ ವಸ್ತುವಿಗೆ ವಿಮೆ ಮಾರುವುದನ್ನು ಬ್ಯಾಂಕುಗಳಿಗೆ ನಿಷೇಧಿಸಲಾಗಿದೆ.

ವಿಮೆಗೂ, ಮುಂದೆ ಕೋರ್ಟಿಗೂ ಬೇಕಾಗುವುದು ಒಂದೇ: ಒಳಗೆ ಏನಿತ್ತು ಎಂಬುದಕ್ಕೆ ಗುರುತು. ಒಡವೆ ಇಡುವ ಹಿಂದಿನ ದಿನ ನಾವು ಅಂಗಡಿಯೊಂದರಲ್ಲಿ ಎಲ್ಲವನ್ನೂ ತೂಗಿಸಿ, ಬೆಲೆ ಬರೆಸಿ, ಸಹಿ ಹಾಕಿಸಿಕೊಂಡೆವು. ಒಂದೊಂದನ್ನೂ ಬಿಳಿ ಬಟ್ಟೆಯ ಮೇಲಿಟ್ಟು ಫೋಟೋ ತೆಗೆದೆವು. ಹಳೆಯ ಬಿಲ್ಲುಗಳು ಸಿಕ್ಕಷ್ಟನ್ನು ಸೇರಿಸಿದೆವು. ಅವಲಕ್ಕಿ ಸರಕ್ಕೆ ಬಿಲ್ಲು ಎಲ್ಲಿಂದ ಬರಬೇಕು? ಮದುವೆ ಆಲ್ಬಂನಲ್ಲಿ ಅತ್ತಿಗೆ ಅದನ್ನು ಹಾಕಿಕೊಂಡ ಫೋಟೋ ಸಿಕ್ಕಿತು, ಅದೇ ಸಾಕ್ಷಿ. ಆ ಪಟ್ಟಿಯ ಒಂದು ಪ್ರತಿ ಮಗನ ಬಳಿ, ಒಂದು ಮನೆಯಲ್ಲಿ ಇದೆ. ಲಾಕರ್‌ನೊಳಗೆ ಇಟ್ಟರೆ ಪ್ರಯೋಜನವಿಲ್ಲ, ಅಲ್ವಾ?

ಪ್ರತಿ ಸಲ ತೆರೆಯುವಾಗ

ಪುಸ್ತಕದಲ್ಲಿ ಒಳಹೋದ, ಹೊರಬಂದ ಸಮಯ ಸರಿಯಾಗಿ ಬರೆದು ಸಹಿ ಹಾಕಿ. ಬಾಗಿಲು ಮುಚ್ಚಿದ ಮೇಲೆ ಹಿಡಿದು ಎಳೆದು ನೋಡಿ. ಲಾಕರ್ ತೆರೆದ ದಿನ ಮುಗಿಯುವುದರೊಳಗೆ ಮೊಬೈಲಿಗೆ ಸಂದೇಶ ಬರಬೇಕು. ನೀವು ಹೋಗದ ದಿನ ಸಂದೇಶ ಬಂದರೆ ಆಗಲೇ ಫೋನ್ ಮಾಡಿ. ಮಗನ ನಂಬರು ಕೊಟ್ಟಿದ್ದರೆ ಅವನಿಗೆ ಇದನ್ನು ಹೇಳಿಟ್ಟಿರಿ. ಕೀಲಿಗೆ ಲಾಕರ್ ನಂಬರಿನ ಚೀಟಿ ಕಟ್ಟಬೇಡಿ.

ವರ್ಷಕ್ಕೊಮ್ಮೆಯಾದರೂ ತೆರೆಯಿರಿ. ಮೂರು ವರ್ಷ ಸತತ ಬಾಡಿಗೆ ಬಾಕಿಯಾದರೆ, ನೋಟಿಸ್ ಕೊಟ್ಟು, ಸಾಕ್ಷಿಗಳ ಎದುರು, ವಿಡಿಯೋ ಮಾಡಿ ಬ್ಯಾಂಕು ಲಾಕರ್ ಒಡೆಯಬಹುದು. ಬಾಡಿಗೆ ಖಾತೆಯಿಂದ ತಾನಾಗಿ ಹೋಗುತ್ತಿದ್ದರೂ, ಏಳು ವರ್ಷ ಯಾರೂ ತೆರೆಯದೆ, ಲಾಕರ್ ಹಿಡಿದವರ ಪತ್ತೆಯೂ ಸಿಗದಿದ್ದರೆ ಆಗಲೂ ಒಡೆಯಬಹುದು. ಮಕ್ಕಳ ಜೊತೆ ಬೆಂಗಳೂರಿಗೋ ಹೊರದೇಶಕ್ಕೋ ಹೋಗಿ ಊರಿನ ವಿಳಾಸವನ್ನೇ ಬಿಟ್ಟವರಿಗೆ ಆಗುವುದು ಇದೇ. ವಿಳಾಸ, ಫೋನ್ ನಂಬರು ಬದಲಾದರೆ ಶಾಖೆಗೆ ತಿಳಿಸಿ.

ಒಡವೆ ಕಾಣದಿದ್ದರೆ

ಸ್ಟ್ರಾಂಗ್ ರೂಮಿನಿಂದ ಹೊರಬರುವ ಮೊದಲೇ ಅಧಿಕಾರಿಯನ್ನು ಕರೆಯಿರಿ. ಮನೆಗೆ ಹೋಗಿ ಬೀರು ಹುಡುಕಿ ಮರುದಿನ ಬಂದರೆ "ನೀವೇ ತೆಗೆದುಕೊಂಡು ಹೋಗಿರಬಹುದು" ಎಂಬ ಮಾತಿಗೆ ದಾರಿ ಮಾಡಿದ ಹಾಗೆ. ಅಂದೇ ಮ್ಯಾನೇಜರಿಗೆ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಅದರಲ್ಲಿ ಎರಡು ಬೇಡಿಕೆ ತಪ್ಪದೆ ಇರಲಿ: ನಿಮ್ಮ ಲಾಕರ್ ತೆರೆದ ದಾಖಲೆಯ ಪ್ರತಿ, ಮತ್ತು ಸಿಸಿಟಿವಿ ದೃಶ್ಯ ಅಳಿಸದಂತೆ ಇಡುವುದು. ಬ್ಯಾಂಕು ಆ ದೃಶ್ಯವನ್ನು ಕನಿಷ್ಠ 180 ದಿನ ಇಡಬೇಕು. ದೂರು ಬಂದ ಮೇಲೆ ಪೊಲೀಸ್ ತನಿಖೆ ಮುಗಿದು ತಕರಾರು ತೀರುವವರೆಗೂ ಇಡಬೇಕು. ವರ್ಷಕ್ಕೆ ಒಂದೇ ಸಲ ಲಾಕರ್ ನೋಡುವವರಿಗೆ ಈ 180 ದಿನ ಸಾಲುವುದಿಲ್ಲ. ಮದುವೆ, ಹಬ್ಬದ ನೆಪದಲ್ಲಿ ಐದು ತಿಂಗಳಿಗೊಮ್ಮೆ ಹೋಗಿಬಂದರೆ ಒಳ್ಳೆಯದು ಎಂದು ಅತ್ತಿಗೆಗೆ ಹೇಳಿದ್ದು ಇದಕ್ಕೇ.

ಆಮೇಲೆ ಪೊಲೀಸ್ ಠಾಣೆ. ಗೋಡೆ ಕೊರೆದು ದರೋಡೆಯಾಗಿದ್ದರೆ ನೂರು ಪಟ್ಟು ಕೇಳಲು ಕಷ್ಟವಿಲ್ಲ, ಘಟನೆ ಕಣ್ಣೆದುರೇ ಇರುತ್ತದೆ. ಬೀಗ ಸರಿಯಾಗಿದ್ದು ಒಂದು ಬಳೆ ಮಾತ್ರ ಇಲ್ಲ ಎಂದಾದರೆ, ಕಳ್ಳತನವೋ ನೌಕರರ ಮೋಸವೋ ನಡೆದಿದೆ ಎಂದು ಮೊದಲು ತೋರಿಸಬೇಕಾಗುತ್ತದೆ. ಆಗ ಎಫ್‌ಐಆರ್, ತೆರೆದ ದಾಖಲೆ, ಸಿಸಿಟಿವಿ, ನಿಮ್ಮ ತೂಕದ ಪಟ್ಟಿ ಇವೇ ಆಧಾರ.

ಬ್ಯಾಂಕು 30 ದಿನದಲ್ಲಿ ಉತ್ತರ ಕೊಡದಿದ್ದರೆ, ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ cms.rbi.org.in ನಲ್ಲಿ ಉಚಿತವಾಗಿ ದೂರು ಕೊಡಬಹುದು. ಹೇಗೆ ಕೊಡಬೇಕೆಂದು ಕೇಳಲು 14448ಕ್ಕೆ ಫೋನ್ ಮಾಡಿ. ಇನ್ನೊಂದು ದಾರಿ ಶಿವಮೊಗ್ಗದಲ್ಲೇ ಇರುವ ಜಿಲ್ಲಾ ಗ್ರಾಹಕರ ಆಯೋಗ. ಅಲ್ಲಿಗೆ ಹೋಗಲು ತಕರಾರು ಹುಟ್ಟಿದ ದಿನದಿಂದ ಎರಡು ವರ್ಷ ಸಮಯವಿದೆ.